ಮೂರು ಪಾತ್ರೆ, ಒಂದೇ ಶಾಖ: ತಟಸ್ಥೀಕರಣದ ಎಂಥಾಲ್ಪಿ ಅಳೆಯಲು ಯಾವುದು ಮೇಲು?

ಮಂಡ್ಯದ ನಮ್ಮ ಪಿಯು ಲ್ಯಾಬಿನಲ್ಲಿ ಈ ಪ್ರಯೋಗಕ್ಕೆ ಕೈಗೆ ಸಿಗುವುದು ಮೂರು ಪಾತ್ರೆಗಳು: 250 ಮಿ.ಲೀ. ಗಾಜಿನ ಬೀಕರ್, ಮನೆಯಿಂದ ತಂದ ಸಣ್ಣ ಸ್ಟೀಲ್ ಫ್ಲಾಸ್ಕ್, ಮತ್ತು ಒಂದರೊಳಗೊಂದು ಇಟ್ಟ ಎರಡು ಥರ್ಮಾಕೋಲ್ ಕಪ್. ಮೂರರಲ್ಲೂ ಒಂದೇ ಆಮ್ಲ, ಒಂದೇ ಪ್ರತ್ಯಾಮ್ಲ, ಒಂದೇ ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಂಡು ಮಾಡಿ ನೋಡಿದ್ದೇನೆ. ನನ್ನ ಆಯ್ಕೆ ಥರ್ಮಾಕೋಲ್ ಕಪ್. ಆದರೆ ಅದು ಶಾಖವನ್ನು ಚೆನ್ನಾಗಿ ಹಿಡಿದಿಡುತ್ತದೆ ಎಂಬ ಕಾರಣಕ್ಕಲ್ಲ. ಹಿಡಿದಿಡುವುದರಲ್ಲಿ ಫ್ಲಾಸ್ಕೇ ಮುಂದು.

ಮೊದಲು ಪ್ರಯೋಗ ಏನು ಅಂತ ಹೇಳಿಬಿಡುತ್ತೇನೆ. ಆಮ್ಲ, ಪ್ರತ್ಯಾಮ್ಲ ಬೆರೆತು ಒಂದು ಮೋಲ್ ನೀರು ಉಂಟಾಗುವಾಗ ಹೊರಬರುವ ಶಾಖವೇ ತಟಸ್ಥೀಕರಣದ ಎಂಥಾಲ್ಪಿ, ಅದನ್ನು ಅಳೆಯಬೇಕು. 1.0 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 50 ಮಿ.ಲೀ., 1.0 ಮೋಲಾರಿಗಿಂತ ಒಂದಿಷ್ಟು ಹೆಚ್ಚಿನ ಸೋಡಿಯಂ ಹೈಡ್ರಾಕ್ಸೈಡ್ 50 ಮಿ.ಲೀ. ಪ್ರತ್ಯಾಮ್ಲ ಸ್ವಲ್ಪ ಹೆಚ್ಚಿರಬೇಕು, ಆಗ ಆಮ್ಲ ಪೂರ್ತಿ ಮುಗಿಯುತ್ತದೆ, ಲೆಕ್ಕ ಆಮ್ಲದ ಮೇಲೆ ನಿಲ್ಲುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಹರಳು ಗಾಳಿಯಿಂದ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಂತೂ ತೂಕ ಮಾಡುವಷ್ಟರಲ್ಲೇ ಬೆವರಿರುತ್ತದೆ. ತೂಕ ನೋಡಿ ಮಾಡಿದ ದ್ರಾವಣದ ಸಾಂದ್ರತೆಯನ್ನು ನಂಬಬಾರದು. ಆಕ್ಸಾಲಿಕ್ ಆಮ್ಲದೊಂದಿಗೆ ಟೈಟ್ರೇಟ್ ಮಾಡಿ ಅದರ ನಿಜವಾದ ಸಾಂದ್ರತೆ ತಿಳಿದುಕೊಂಡು, ಅದರಿಂದ ಹೈಡ್ರೋಕ್ಲೋರಿಕ್ ಆಮ್ಲವನ್ನು ಟೈಟ್ರೇಟ್ ಮಾಡಿಟ್ಟುಕೊಳ್ಳಬೇಕು. ಇಲ್ಲಿ 5% ತಪ್ಪಿದರೆ ಮುಂದೆ ಯಾವ ಪಾತ್ರೆಯೂ ಕೈ ಹಿಡಿಯುವುದಿಲ್ಲ.

ಬೆರೆಸಿದಾಗ ಉಂಟಾಗುವ ನೀರು 0.05 ಮೋಲ್. ಒಂದು ಮೋಲಿಗೆ ಸುಮಾರು 56 ಕಿಲೋಜೂಲ್ ಎಂದರೆ ಹೊರಬರುವುದು ಸುಮಾರು 2800 ಜೂಲ್. ಅಷ್ಟಕ್ಕೆ 100 ಮಿ.ಲೀ. ದ್ರಾವಣ ಆರೂವರೆ ಡಿಗ್ರಿ ಮೇಲೇರುತ್ತದೆ. ಏರಿಕೆ ಇಷ್ಟು ಚಿಕ್ಕದಾದ್ದರಿಂದ ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೂ ಉತ್ತರದಲ್ಲಿ ಒಂದೂವರೆ ಶೇಕಡಾ ವ್ಯತ್ಯಾಸವಾಗುತ್ತದೆ.

ಬೀಕರ್‌ನಲ್ಲಿ ಮಾಡಿದರೆ ಉಷ್ಣಾಂಶ 26.2ರಿಂದ ಮೇಲೇರಿ 31.9ಕ್ಕೆ ನಿಂತು ಕೂಡಲೇ ಇಳಿಯತೊಡಗುತ್ತದೆ, ನಿಮಿಷಕ್ಕೆ ಸುಮಾರು 0.2 ಡಿಗ್ರಿಯಂತೆ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಇನ್ನೂ ಬೇಗ. ರೆಕಾರ್ಡ್ ಪುಸ್ತಕದ ಸರಳ ಲೆಕ್ಕದಂತೆ 100 ಗ್ರಾಂ, ನೀರಿನ ನಿರ್ದಿಷ್ಟ ಉಷ್ಣ 4.18 ಹಾಕಿ 5.7ರಿಂದ ಗುಣಿಸಿದರೆ 2383 ಜೂಲ್, ಅಂದರೆ ಮೋಲಿಗೆ 47.7 ಕಿಲೋಜೂಲ್ ಬರುತ್ತದೆ. ಪುಸ್ತಕದಲ್ಲಿ 57.1 ಎಂದಿರುವುದನ್ನು ನೋಡಿ ಮಕ್ಕಳು ಬೆಪ್ಪಾಗುವುದು ಇಲ್ಲೇ.

ಫ್ಲಾಸ್ಕ್‌ನದು ಬೇರೆಯೇ ಕಥೆ. ಉಷ್ಣಾಂಶ 6.3 ಡಿಗ್ರಿ ಏರಿ ಅಲ್ಲೇ ಕೂರುತ್ತದೆ. ಹತ್ತು ನಿಮಿಷ ಕಳೆದರೂ ಒಂದೆರಡು ಹತ್ತನೇ ಭಾಗಕ್ಕಿಂತ ಹೆಚ್ಚು ಇಳಿಯುವುದಿಲ್ಲ. "ಮೇಡಂ, ಗೆರೆ ಚಪ್ಪಟೆ ಬಂದಿದೆ, ಶಾಖ ಎಲ್ಲೂ ಹೋಗಿಲ್ಲ ಅಲ್ವಾ?" ಎಂದು ಒಬ್ಬ ಹುಡುಗಿ ಕೇಳಿದಳು. ಲೆಕ್ಕ ಮಾಡಿದರೆ 418ನ್ನು 6.3ರಿಂದ ಗುಣಿಸಿ 2633 ಜೂಲ್, ಮೋಲಿಗೆ 52.7. ಗೆರೆ ಚಪ್ಪಟೆ, ಆದರೂ 56ಕ್ಕೆ ಹೋಲಿಸಿದರೆ ಮೂರು ಕಿಲೋಜೂಲ್ ಕಾಣೆ. ಅದು ಎಲ್ಲಿಗೆ ಹೋಯಿತು?

ಅವಳ ಪ್ರಶ್ನೆಯಲ್ಲೇ ಈ ಪ್ರಯೋಗದ ತಿರುಳು ಇದೆ. ಶಾಖ ಕಳೆದುಹೋಗುವ ದಾರಿ ಎರಡು, ಎರಡೂ ಬೇರೆ ಬೇರೆ. ಒಂದು, ಪಾತ್ರೆ ತಾನೇ ಬಿಸಿಯಾಗಲು ಕುಡಿಯುವ ಶಾಖ. ಇದು ಬೆರೆಸಿದ ಮೊದಲ ಕೆಲವು ಕ್ಷಣಗಳಲ್ಲೇ ಮುಗಿದುಹೋಗುತ್ತದೆ, ಆಮೇಲೆ ಗ್ರಾಫಿನಲ್ಲಿ ಕಾಣುವುದಿಲ್ಲ. ಇನ್ನೊಂದು, ಪಾತ್ರೆಯಿಂದ ಹೊರಗಿನ ಗಾಳಿಗೆ ನಿಧಾನವಾಗಿ ಸೋರುವ ಶಾಖ. ಇದು ಗ್ರಾಫಿನಲ್ಲಿ ಇಳಿಜಾರಾಗಿ ಕಣ್ಣಿಗೆ ಬೀಳುತ್ತದೆ. ಫ್ಲಾಸ್ಕ್‌ನ ನಿರ್ವಾತ ಸೋರಿಕೆಯನ್ನು ತಡೆಯುತ್ತದೆ, ಆದರೆ ಒಳಗಿನ ಸ್ಟೀಲ್ ಗೋಡೆ ಬಿಸಿಯಾಗದೆ ಇರುವುದಿಲ್ಲ. ಅದರ ಶಾಖ ಧಾರಣೆ ಡಿಗ್ರಿಗೆ ಸುಮಾರು 35 ಜೂಲ್. ಬೀಕರ್‌ನದು ಸುಮಾರು 60, ಅದೂ ದ್ರಾವಣ ತಾಗಿದ ಭಾಗದ್ದು ಮಾತ್ರ. ಬೀಕರ್ ಎರಡು ದಾರಿಯಲ್ಲೂ ಕಳೆದುಕೊಳ್ಳುತ್ತದೆ.

ಥರ್ಮಾಕೋಲ್ ಜೋಡಿ ಕಪ್ ಇವೆರಡರ ನಡುವೆ ನಿಲ್ಲುತ್ತದೆ. ಸೋರಿಕೆ ಫ್ಲಾಸ್ಕ್‌ಗಿಂತ ಹೆಚ್ಚು, ನಿಮಿಷಕ್ಕೆ 0.06 ಡಿಗ್ರಿಯಷ್ಟು. ಆದರೆ ಕಪ್ಪಿನ ತೂಕವೇ ಮೂರ್ನಾಲ್ಕು ಗ್ರಾಂ, ಹಾಗಾಗಿ ಅದು ಕುಡಿಯುವುದು ತೀರಾ ಕಡಿಮೆ. ಥರ್ಮಾಮೀಟರ್, ಕಲಕುವ ಕಡ್ಡಿ, ಮುಚ್ಚಳ ಸೇರಿಸಿದರೂ ಡಿಗ್ರಿಗೆ 15 ಜೂಲ್. ಸೋರಿಕೆಯನ್ನು ಗ್ರಾಫಿನಲ್ಲಿ ನೋಡಿ ಸರಿಪಡಿಸಬಹುದು, ಕುಡಿದದ್ದನ್ನು ಹಾಗೆ ಸರಿಪಡಿಸಲಾಗದು. ಅದಕ್ಕೇ ಕಣ್ಣಿಗೆ ಕಾಣುವ ನಷ್ಟ ಜಾಸ್ತಿ, ಕಾಣದ ನಷ್ಟ ಕಡಿಮೆ ಇರುವ ಪಾತ್ರೆಯನ್ನು ನಾನು ಆರಿಸುತ್ತೇನೆ. ಇಂಥ ಕಪ್ ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗದು. ಇರುವ ಜೋಡಿಯನ್ನೇ ತೊಳೆದು ಒಣಗಿಸಿ ಬಳಸುತ್ತೇವೆ, ಬಾಯಿಗೆ ರಟ್ಟಿನ ಮುಚ್ಚಳ, ಕಪ್ ಉರುಳದಂತೆ ಹೊರಗೆ ಬೀಕರ್.

ಕಪ್ಪಿನಲ್ಲಿ ಮಾಡಿದ ಒಂದು ಪೂರ್ತಿ ಲೆಕ್ಕ ಇಲ್ಲಿದೆ. ಪ್ರತ್ಯಾಮ್ಲವನ್ನು ಕಪ್ಪಿಗೆ ಹಾಕಿ, ಮೂರು ನಿಮಿಷ ನಿಮಿಷಕ್ಕೊಮ್ಮೆ ಉಷ್ಣಾಂಶ ಬರೆದುಕೊಳ್ಳಬೇಕು. ಆಮ್ಲದ ಉಷ್ಣಾಂಶವನ್ನು ಬೇರೆಯಾಗಿ, ಥರ್ಮಾಮೀಟರ್ ತೊಳೆದು ಒರೆಸಿ ನೋಡಬೇಕು. ಪ್ರತ್ಯಾಮ್ಲ 26.4, ಆಮ್ಲ 26.2, ಸರಾಸರಿ 26.3. ನಾಲ್ಕನೇ ನಿಮಿಷಕ್ಕೆ ಆಮ್ಲವನ್ನು ಒಮ್ಮೆಲೇ ಸುರಿದು ಮುಚ್ಚಿ ಕಲಕಬೇಕು. ಆ ನಿಮಿಷಕ್ಕೆ ರೀಡಿಂಗ್ ಬೇಡ. ಐದನೇ ನಿಮಿಷಕ್ಕೆ 32.8, ಆರಕ್ಕೆ 32.7, ಎಂಟಕ್ಕೆ 32.6, ಹತ್ತಕ್ಕೆ 32.5. ಈ ಬಿಂದುಗಳ ನಡುವೆ ಹಾಯುವ ನೇರ ಗೆರೆಯನ್ನು ನಾಲ್ಕನೇ ನಿಮಿಷದವರೆಗೆ ಹಿಂದಕ್ಕೆ ಎಳೆದರೆ 32.85 ಸಿಗುತ್ತದೆ. ಶಾಖವೆಲ್ಲ ಒಂದೇ ಕ್ಷಣದಲ್ಲಿ ಹೊರಬಂದು, ಏನೂ ಸೋರದೆ ಇದ್ದಿದ್ದರೆ ದ್ರಾವಣ ಮುಟ್ಟುತ್ತಿದ್ದ ಉಷ್ಣಾಂಶ ಅದು. ಏರಿಕೆ 6.55 ಡಿಗ್ರಿ.

ಈಗ ಕಪ್ ಕುಡಿದದ್ದು. ಇದಕ್ಕೆ ಕಪ್ಪಿನಲ್ಲಿ 26.0 ಡಿಗ್ರಿಯ 50 ಮಿ.ಲೀ. ನೀರಿಟ್ಟು, 40.0 ಡಿಗ್ರಿಯ 50 ಮಿ.ಲೀ. ನೀರು ಸುರಿಯಬೇಕು. ಕಪ್ ಏನೂ ಕುಡಿಯದಿದ್ದರೆ 33.0 ಬರಬೇಕು. ಗೆರೆ ಹಿಂದಕ್ಕೆ ಎಳೆದಾಗ ಬಂದದ್ದು 32.75. ಬಿಸಿನೀರು 7.25 ಡಿಗ್ರಿ ಇಳಿದು ಬಿಟ್ಟುಕೊಟ್ಟ ಶಾಖ, ತಣ್ಣೀರೂ ಕಪ್ಪೂ ಸೇರಿ 6.75 ಡಿಗ್ರಿ ಏರಲು ಖರ್ಚಾಯಿತು. ಅದರಿಂದ ಕಪ್ಪಿನ ಪಾಲು ಡಿಗ್ರಿಗೆ ಸುಮಾರು 15 ಜೂಲ್. ಬಿಸಿನೀರಿನ ಉಷ್ಣಾಂಶವನ್ನು ಸುರಿಯುವ ಮುಂಚಿನ ಕ್ಷಣವೇ ನೋಡಬೇಕು. ಅಳತೆ ಜಾಡಿಯಲ್ಲಿ ಅರ್ಧ ನಿಮಿಷ ನಿಂತರೂ ಅದು ಆರುತ್ತದೆ, ಆಗ ಕಪ್ ನಿಜಕ್ಕಿಂತ ಹೆಚ್ಚು ಕುಡಿದಂತೆ ಲೆಕ್ಕ ತೋರಿಸುತ್ತದೆ.

ಇನ್ನೊಂದು ವಿಷಯವಿದೆ. ಉಂಟಾಗುವುದು ನೀರಲ್ಲ, ಅರ್ಧ ಮೋಲಾರ್ ಉಪ್ಪಿನ ದ್ರಾವಣ. 100 ಮಿ.ಲೀ. ತೂಗುವುದು 102 ಗ್ರಾಂ, ನಿರ್ದಿಷ್ಟ ಉಷ್ಣ 4.02ರ ಆಸುಪಾಸು. ಗುಣಿಸಿದರೆ 410, ನಾವು ಸಲೀಸಾಗಿ ಹಾಕುವ 418 ಅಲ್ಲ. ದ್ರಾವಣ 410, ಕಪ್ 15, ಒಟ್ಟು 425. ಅದನ್ನು 6.55ರಿಂದ ಗುಣಿಸಿದರೆ 2784 ಜೂಲ್, ಮೋಲಿಗೆ 55.7 ಕಿಲೋಜೂಲ್. ಥರ್ಮಾಮೀಟರಿನ ಮಿತಿ ನೋಡಿದರೆ ಒಂದು ಕಿಲೋಜೂಲ್ ಆಚೀಚೆ. ಕಪ್ಪಿನಲ್ಲಿ ಸರಳ ಲೆಕ್ಕವೂ ತಕ್ಕಮಟ್ಟಿಗೆ ಸರಿಹೋಗಲು ಕಾರಣ ಇದೇ: 418 ಎಂದು ಹೆಚ್ಚಿಟ್ಟದ್ದು ಕಪ್ಪನ್ನು ಬಿಟ್ಟದ್ದರ ಅರ್ಧಭಾಗವನ್ನು ತುಂಬಿಕೊಡುತ್ತದೆ.

ಇದೇ ತಿದ್ದುಪಡಿಗಳನ್ನು ಉಳಿದೆರಡಕ್ಕೂ ಹಾಕಿದರೆ ಬೀಕರ್ 55.9, ಫ್ಲಾಸ್ಕ್ 56.1 ಕೊಡುತ್ತವೆ. ಅಂದರೆ ಯಾವ ಪಾತ್ರೆಯೂ ಸುಳ್ಳು ಹೇಳಿರಲಿಲ್ಲ. ಆದರೆ ಬೀಕರ್‌ನಲ್ಲಿ ತಿದ್ದುಪಡಿಯೇ ಎಂಟು ಕಿಲೋಜೂಲ್, ಕಪ್ಪಿನಲ್ಲಿ ಸುಮಾರು ಒಂದೂವರೆ ಮಾತ್ರ. ತಿದ್ದುಪಡಿ ದೊಡ್ಡದಾದಷ್ಟೂ ಅದರೊಳಗಿನ ತಪ್ಪೂ ದೊಡ್ಡದು. ಫ್ಲಾಸ್ಕ್ ಬಳಸುವವರಿಗೆ ಒಂದು ಮಾತು: ಪ್ರತ್ಯಾಮ್ಲ ಮೊದಲು, ಆಮ್ಲ ಆಮೇಲೆ. ಹೈಡ್ರೋಕ್ಲೋರಿಕ್ ಆಮ್ಲ ಸ್ಟೀಲನ್ನು ತಿನ್ನುತ್ತದೆ.

ಪುಸ್ತಕದ 57.1ಕ್ಕೂ ನಮ್ಮ 56ಕ್ಕೂ ಇರುವ ಅಂತರವೆಲ್ಲ ನಮ್ಮ ಕೈತಪ್ಪಲ್ಲ. ಈ ಶಾಖ ಉಷ್ಣಾಂಶದೊಂದಿಗೆ ಬದಲಾಗುತ್ತದೆ, ಒಂದು ಡಿಗ್ರಿ ಏರಿದರೆ ಸುಮಾರು 0.2 ಕಿಲೋಜೂಲ್ ಕಡಿಮೆ. ತುಂಬಾ ತೆಳು ದ್ರಾವಣದಲ್ಲಿ 25 ಡಿಗ್ರಿಗೆ 55.8, 20 ಡಿಗ್ರಿಗೆ 57ರ ಹತ್ತಿರ. ಮಂಡ್ಯದ ಮೇ ತಿಂಗಳಲ್ಲಿ 57.1 ಬಂದರೆ ನಾನು ಖುಷಿಪಡುವ ಮೊದಲು ಲೆಕ್ಕ ಪರೀಕ್ಷಿಸುತ್ತೇನೆ.

ಇನ್ನು ಆಮ್ಲ ಬದಲಿಸಿ ನೋಡೋಣ. ಹೈಡ್ರೋಕ್ಲೋರಿಕ್ ಬದಲು ನೈಟ್ರಿಕ್, ಸೋಡಿಯಂ ಬದಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದರೂ ಕಪ್ಪಿನಲ್ಲಿ ಏರಿಕೆ ಆರೂವರೆಯೇ. 1840ರ ದಶಕದಲ್ಲೇ ಹೆಸ್ ಇಂಥ ಸಮತೆಯನ್ನು ಗಮನಿಸಿದ್ದ. ಅದಕ್ಕೆ ಕಾರಣ ಸಿಕ್ಕಿದ್ದು 1887ರಲ್ಲಿ ಅರ್ಹೀನಿಯಸ್ ಅಯಾನುಗಳ ಸಿದ್ಧಾಂತ ಮಂಡಿಸಿದ ಮೇಲೆ. ಪ್ರಬಲ ಆಮ್ಲ ನೀರಿಗೆ ಬಿದ್ದ ಕೂಡಲೇ ಅಯಾನುಗಳಾಗಿ ಒಡೆದಿರುತ್ತದೆ, ಪ್ರಬಲ ಪ್ರತ್ಯಾಮ್ಲವೂ ಹಾಗೆಯೇ. ಕ್ಲೋರೈಡ್, ನೈಟ್ರೇಟ್, ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಬೆರೆಸುವ ಮುಂಚೆ ಹೇಗಿದ್ದವೋ ಆಮೇಲೂ ಹಾಗೇ ಇರುತ್ತವೆ. ನಡೆಯುವ ಕ್ರಿಯೆ ಒಂದೇ:

H⁺ + OH⁻ → H₂O

ಕ್ರಿಯೆ ಒಂದೇ ಆದಾಗ ಶಾಖವೂ ಒಂದೇ. ಸಲ್ಫ್ಯೂರಿಕ್ ಆಮ್ಲ ಮಾತ್ರ ಒಂದು ಮೋಲ್ ನೀರಿಗೆ ಸ್ವಲ್ಪ ಹೆಚ್ಚು ಕೊಡುತ್ತದೆ. ಅದರ ಎರಡನೇ ಹೈಡ್ರೋಜನ್ ಮೊದಲೇ ಪೂರ್ತಿ ಬಿಟ್ಟಿರುವುದಿಲ್ಲ, ಅದು ಬಿಡುವಾಗಲೂ ಶಾಖ ಹೊರಬರುತ್ತದೆ.

ದುರ್ಬಲ ಆಮ್ಲಕ್ಕೆ ಉದಾಹರಣೆಯಾಗಿ ನಾವು ಹಾಕಿಸುವುದು ಅಸಿಟಿಕ್ ಆಮ್ಲ. ಅಯಾನೀಕರಣಕ್ಕೆ ಶಾಖ ಖರ್ಚಾಗುವುದರಿಂದ ಬೆಲೆ ಕಡಿಮೆ ಬರಬೇಕು ಎಂದು ಬರೆಸುತ್ತೇವೆ. ಆದರೆ 25 ಡಿಗ್ರಿಯಲ್ಲಿ ಅಸಿಟಿಕ್ ಆಮ್ಲದ ಅಯಾನೀಕರಣದ ಎಂಥಾಲ್ಪಿ ಸೊನ್ನೆಯ ಹತ್ತಿರವೇ ಇದೆ, ಅರ್ಧ ಕಿಲೋಜೂಲಿಗೂ ಕಡಿಮೆ, ಅದೂ ಶಾಖ ಬಿಡುವ ಕಡೆಗೆ. ಇಂಥ ವ್ಯತ್ಯಾಸ ನಮ್ಮ ಕಪ್ಪಿಗೆ ಕಾಣುವುದೇ ಇಲ್ಲ. ಅಸಿಟಿಕ್ ಆಮ್ಲದಲ್ಲಿ ನಾಲ್ಕೈದು ಕಿಲೋಜೂಲ್ ಕಡಿಮೆ ಬಂತು ಎಂದರೆ ದ್ರಾವಣದ ಸಾಂದ್ರತೆಯನ್ನೇ ಮೊದಲು ನೋಡಬೇಕು. ವ್ಯತ್ಯಾಸವನ್ನು ನಿಜಕ್ಕೂ ತೋರಿಸಬೇಕೆಂದರೆ ಅಮೋನಿಯ ದ್ರಾವಣ ತೆಗೆದುಕೊಳ್ಳಿ. ಅಲ್ಲಿ ಮುಕ್ತ ಹೈಡ್ರಾಕ್ಸೈಡ್ ಬಹಳ ಕಡಿಮೆ, ಹೈಡ್ರೋಜನ್ ಅಯಾನು ನೇರವಾಗಿ ಅಮೋನಿಯಕ್ಕೆ ಸೇರಿ ಅಮೋನಿಯಂ ಆಗುತ್ತದೆ, ಹೊರಬರುವ ಶಾಖ ಮೋಲಿಗೆ 52 ಕಿಲೋಜೂಲ್. ಕಪ್ಪಿನಲ್ಲಿ ಏರಿಕೆ 6.1 ಡಿಗ್ರಿಯ ಸುತ್ತ ಬರುತ್ತದೆ. ಹೈಡ್ರಾಕ್ಸೈಡಿನದಕ್ಕಿಂತ 0.4 ಡಿಗ್ರಿ ಕಡಿಮೆ, ಥರ್ಮಾಮೀಟರಿನ ನಾಲ್ಕು ಹೆಜ್ಜೆ. ಗೆರೆ ಹಿಂದಕ್ಕೆ ಎಳೆದು ಮಾಡಿದರೆ ಇದು ಪ್ರತಿ ಬ್ಯಾಚಿನಲ್ಲೂ ಕಾಣುತ್ತದೆ. ಬರೀ ಗರಿಷ್ಠ ರೀಡಿಂಗ್ ಹಿಡಿದು ಮಾಡಿದರೆ ಒಂದು ಬೆಂಚಿಗೆ ಕಾಣುತ್ತದೆ, ಪಕ್ಕದ ಬೆಂಚಿಗೆ ಕಾಣುವುದಿಲ್ಲ.