ಸಾಲಕ್ಕೆ ಕಾಫಿ ಕೇಳುವ ಕಂಪನಿಯ ವಿವರ ಎಲ್ಲಿ ನೋಡೋದು?

ಚಿಕ್ಕಮಗಳೂರಿನ ಬೆಳೆಗಾರ ಗೆಳೆಯರೊಬ್ಬರು ಕೇಳಿದರು: ಸಾಲಕ್ಕೆ ಕಾಫಿ ಕೇಳುವ ಕಂಪನಿಯ ಬಗ್ಗೆ ವಿಕಿಪೀಡಿಯ ನಂಬಲಾ, ಕಂಪನಿಗಳ ನೋಂದಣಿ ವಿವರ ತೋರಿಸುವ ಜೌಬಾ ಕಾರ್ಪ್ ತಾಣ ನಂಬಲಾ, ಹೆಸರು ಹುಡುಕಿದಾಗ ಗೂಗಲ್ ತೋರಿಸುವ ಮಾಹಿತಿಯ ಚೌಕ ನಂಬಲಾ?

ಅಂಗಡಿಯ ದಾರಿ, ಫೋನ್ ನಂಬರ್‌ಗೆ ಚೌಕ ಸಾಕು. ಅಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು, ಹಾಗಾಗಿ ಅದಕ್ಕಿಂತ ಜಾಸ್ತಿ ನಂಬಬೇಡಿ. ದೊಡ್ಡ ಕಂಪನಿಯ ಇತಿಹಾಸಕ್ಕೆ ವಿಕಿಪೀಡಿಯ ಒಳ್ಳೆಯದು. ಅಡಿಟಿಪ್ಪಣಿಯಲ್ಲಿ ಬರೀ ಕಂಪನಿಯದೇ ಪ್ರಕಟಣೆ ಇದ್ದರೆ ಹುಷಾರು. ಸಣ್ಣ ಕಂಪನಿಗೆ ಅಲ್ಲಿ ಪುಟವೇ ಇರಲ್ಲ, ಅಲ್ವಾ?

ಸಾಲದ ಮಾತಿಗೆ ಜೌಬಾದಂಥ ತಾಣವೇ ಮೇಲು. ಅಲ್ಲಿ ಕಂಪನಿಯ ಗುರುತಿನ ಸಂಖ್ಯೆಯಾದ 21 ಅಕ್ಷರಗಳ CIN ಹುಡುಕಿ. ಅದರ 9ರಿಂದ 12ನೇ ಸ್ಥಾನದ ಅಂಕಿಗಳು ನೋಂದಣಿಯ ವರ್ಷ. ‘20 ವರ್ಷದ ಕಂಪನಿ’ ಅಂದವರ CINನಲ್ಲಿ 2022 ಇದ್ದರೆ ಕಾರಣ ಕೇಳಿ. ಅಧಿಕೃತ ಬಂಡವಾಳ, ಅಂದರೆ ಷೇರಿನಿಂದ ಎತ್ತಬಹುದಾದ ಗರಿಷ್ಠ ಮೊತ್ತ, 1 ಕೋಟಿ ಇದ್ದರೂ ಪಾವತಿಯಾದದ್ದು 1 ಲಕ್ಷವೇ ಇರಬಹುದು. ಷೇರುದಾರರು ನಿಜವಾಗಿ ಹಾಕಿದ್ದು ಎರಡನೆಯದು. ಈ ತಾಣಗಳು ಸರ್ಕಾರಿ ದಾಖಲೆಯ ನಕಲು, ಹಳತಾಗಿರಬಹುದು. ನಿರ್ದೇಶಕರ ಹೆಸರನ್ನು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲೇ ನೋಡಿ.