ಸೀಟು ಬಿಡ್ಲಿಕ್ಕೆ ಹೋದಾಗ ಅವರು ಕೊಡುವ ಫಾರ್ಮಿಗೆ ಓದದೆ ಸೈನ್ ಹಾಕ್ಬೇಡಿ, ನಾವು ಹಾಕಿ ಅನುಭವಿಸ್ತಾ ಇದ್ದೇವೆ

ಇದನ್ನು ಬರೀಬೇಕೋ ಬೇಡ್ವೋ ಅಂತ ತುಂಬ ದಿನ ಯೋಚನೆ ಮಾಡಿದೆ, ಮನೆಯಲ್ಲಿ ಅಪ್ಪ ಬೇಡ ಹೇಳಿದ್ರು, ಊರವರಿಗೆ ಗೊತ್ತಾದ್ರೆ ನಾಚಿಕೆ ಅಂತ. ಆದ್ರೆ ಪುನಃ ಅಡ್ಮಿಷನ್ ಸಮಯ ಬಂತು, ನಮ್ಮ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಮಕ್ಕಳೆಲ್ಲ ಒಂದು ಕಾಲು ಮಂಗಳೂರಲ್ಲಿ ಒಂದು ಕಾಲು ಕಣ್ಣೂರು ಯೂನಿವರ್ಸಿಟಿಯ ಅಲಾಟ್‌ಮೆಂಟಲ್ಲಿ ಇಟ್ಟುಕೊಂಡೇ ಇರ್ತಾರೆ, ಹಾಗಾಗಿ ಬರೀತೇನೆ. ಕಾಲೇಜಿನ ಹೆಸರು ಹಾಕುದಿಲ್ಲ, ಕೇಳ್ಬೇಡಿ.

2024ರ ವಿಷಯ. ತಂಗಿಯ ಪ್ಲಸ್ ಟು ಆಯ್ತು, ಅವಳಿಗೆ ಆಸೆ ಇದ್ದದ್ದು ಬಿಎಸ್ಸಿ ಮ್ಯಾಥ್ಸ್, ಅದೂ ಕಾಸರಗೋಡಿನ ಸರ್ಕಾರಿ ಕಾಲೇಜಲ್ಲಿ. ಮೊದಲಿಗೆ ಅಲಾಟ್‌ಮೆಂಟ್ ಸಿಗ್ಲಿಲ್ಲ. ಕಾದು ಕಾದು ಎಲ್ಲಿಯೂ ಸಿಗದೆ ಹೋದ್ರೆ ಅಂತ ಹೆದರಿ ಜೂನಲ್ಲಿ ಮಂಗಳೂರು ಕಡೆಯ ಒಂದು ಖಾಸಗಿ ಕಾಲೇಜಲ್ಲಿ ಬಿಸಿಎ ಸೀಟು ಮಾಡಿದೆವು. ಎಲ್ಲರೂ ಮಾಡುದೇ ಅಲ್ವಾ ಇದು, ನಾವು ಹೊಸತೇನೂ ಮಾಡ್ಲಿಲ್ಲ. 48,000 ಕಟ್ಟಿದ್ದು. ಅದ್ರಲ್ಲಿ 30,000 ಆನ್‌ಲೈನಲ್ಲಿ ಕಾಲೇಜಿನ ಅಕೌಂಟಿಗೆ, ಬಾಕಿ 18,000 "ಇದು ಕ್ಯಾಶ್ ಆಗ್ಬೇಕು, ಆ ಕೌಂಟರಲ್ಲಿ ಕೊಡಿ" ಹೇಳಿದ್ರು. ಎರಡು ರಶೀದಿ ಬಂತು. ಅಪ್ಪ ಎರಡನ್ನೂ ಮಡಚಿ ಕಿಸೆಗೆ ಹಾಕಿದ್ರು, ನಾನೂ ನೋಡ್ಲಿಲ್ಲ. ಆ ಎರಡನೇ ರಶೀದಿಯಲ್ಲಿ ಎಂತ ಇತ್ತು ಅಂತ ಮುಂದೆ ಹೇಳ್ತೇನೆ.

ಅದೇ ದಿನ ಒರಿಜಿನಲ್ ಎಲ್ಲ ತೆಗೆದುಕೊಂಡ್ರು. ಎಸ್ಸೆಸ್ಸೆಲ್ಸಿ ಬುಕ್, ಪ್ಲಸ್ ಟು ಮಾರ್ಕ್ ಲಿಸ್ಟ್, ಟಿಸಿ, ಎಲ್ಲ. "ಕೇರಳ ಬೋರ್ಡಿನವರಿಗೆ ಯೂನಿವರ್ಸಿಟಿಯಿಂದ ಎಲಿಜಿಬಿಲಿಟಿ ಮಾಡಿಸ್ಬೇಕು, ಒರಿಜಿನಲ್ ಬೇಕೇ ಬೇಕು" ಹೇಳಿದ್ರು. ಬೇರೆ ರಾಜ್ಯದ ಬೋರ್ಡಿನವರಿಗೆ ಎಲಿಜಿಬಿಲಿಟಿ ಬೇಕಾಗುದು ಹೌದು, ಅದು ಸುಳ್ಳಲ್ಲ. ಹಾಗಾಗಿಯೇ ನಮಗೆ ಸಂಶಯ ಬರ್ಲಿಲ್ಲ. ಆದ್ರೆ ತೆಗೆದುಕೊಂಡದ್ದಕ್ಕೆ ಒಂದು ಚೀಟಿ ಕೊಡ್ಲಿಲ್ಲ, ನಾವು ಕೇಳ್ಲೂ ಇಲ್ಲ.

ಜುಲೈಯಲ್ಲಿ ಒಂದು ಸೋಮವಾರ ಸಂಜೆ ತಂಗಿಗೆ ಅಲಾಟ್‌ಮೆಂಟ್ ಬಂತು. ಕಾಸರಗೋಡು ಸರ್ಕಾರಿ ಕಾಲೇಜು, ಬಿಎಸ್ಸಿ ಮ್ಯಾಥ್ಸ್! ಮನೆಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ಗುರುವಾರದ ಒಳಗೆ ಒರಿಜಿನಲ್ ಹಿಡ್ಕೊಂಡು ಹೋಗಿ ಜಾಯಿನ್ ಆಗ್ಬೇಕು, ಇಲ್ಲದಿದ್ರೆ ಅಲಾಟ್‌ಮೆಂಟ್ ಹೋಯ್ತು. ಅಂದ್ರೆ ನಮ್ಮ ಹತ್ರ ಇದ್ದದ್ದು ಮೂರು ದಿನ.

ಮಂಗಳವಾರ ಬೆಳಿಗ್ಗೆಯೇ ನಾನು, ತಂಗಿ ಬಸ್ ಹತ್ತಿ ಹೋದೆವು. ಆಫೀಸಲ್ಲಿ ಮೇಡಂ ಹತ್ರ, ಸೀಟು ಬಿಡ್ತೇವೆ, ಸರ್ಟಿಫಿಕೇಟ್ ಕೊಡಿ, ಫೀಸ್ ವಾಪಸ್ ಕೊಡಿ ಅಂತ ಬಾಯಲ್ಲಿ ಹೇಳಿದೆವು. "ಪ್ರಿನ್ಸಿಪಾಲ್ ಮೀಟಿಂಗಲ್ಲಿ ಇದ್ದಾರೆ, ನಾಳೆ ಬನ್ನಿ" ಅಂದ್ರು. ಒಂದು ಲೆಟರ್ ಕೊಟ್ಟು ಹೋಗ್ಲಾ ಕೇಳಿದೆ. "ಲೆಟರ್ ಎಲ್ಲ ಬೇಡ, ನಮ್ಮದೇ ಫಾರ್ಮ್ ಉಂಟು, ನಾಳೆ ಕೊಡ್ತೇವೆ." ಸರಿ ಅಂತ ಬಂದೆವು. ಇಲ್ಲೇ ನೋಡಿ ಮೊದಲ ತಪ್ಪು.

ಬುಧವಾರ ಪುನಃ ಹೋದೆವು. ಹನ್ನೊಂದು ಗಂಟೆಗೆ ಹೋದವರನ್ನು ಮೂರು ಗಂಟೆವರೆಗೆ ಕೂರಿಸಿದ್ರು. ಮತ್ತೆ ಕರೆದು ಎಂತ ಹೇಳುದು ಗೊತ್ತುಂಟಾ, "ಸರ್ಟಿಫಿಕೇಟ್ ಎಲಿಜಿಬಿಲಿಟಿಗೆ ಯೂನಿವರ್ಸಿಟಿಗೆ ಹೋಗಿದೆ, ಬರ್ಲಿಕ್ಕೆ ಹದಿನೈದು ದಿನ ಆದ್ರೂ ಆಗ್ತದೆ." ತಂಗಿ ಅಲ್ಲೇ ಅಳ್ಲಿಕ್ಕೆ ಶುರು ಮಾಡಿದ್ಲು. ನನಗೆ ಕೈಕಾಲು ನಡುಗ್ತಾ ಇತ್ತು, ನಾಳೆ ಕೊನೆ ದಿನ ಮೇಡಂ, ಎಂತಾದ್ರೂ ಮಾಡಿ ಅಂತ ಬೇಡಿಕೊಂಡೆ. ಹೌದು, ಬೇಡಿಕೊಂಡೆ, ನಮ್ಮದೇ ಸರ್ಟಿಫಿಕೇಟಿಗೆ ನಾನು ಬೇಡಿಕೊಂಡೆ. ಆಗ ಅವರು ಒಳಗೆ ಹೋಗಿ ಬಂದು ಮೆಲ್ಲ ಹೇಳಿದ್ರು, "ಇವತ್ತೇ ಬೇಕಾದ್ರೆ ಈ ಫಾರ್ಮಿಗೆ ಸೈನ್ ಹಾಕಿ ಕೊಡಿ, ಹೇಗಾದ್ರೂ ಮಾಡಿ ತರ್ಸಿ ಕೊಡ್ತೇವೆ."

ಫಾರ್ಮ್ ಪ್ರಿಂಟ್ ಮಾಡಿದ್ದು, ಇಂಗ್ಲಿಷಲ್ಲಿ. ಮೇಲೆ ಹೆಸರು, ಕೋರ್ಸ್, ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು. ಸ್ವಂತ ಕಾರಣದಿಂದ ಸ್ವಂತ ಇಚ್ಛೆಯಿಂದ ಸೀಟು ಬಿಡ್ತಾ ಇದ್ದೇನೆ, ಕಟ್ಟಿದ ಯಾವ ಫೀಸನ್ನೂ ವಾಪಸ್ ಕೇಳುದಿಲ್ಲ, ಎಲ್ಲ ಒರಿಜಿನಲ್ ಸಿಕ್ಕಿದೆ, ಕಾಲೇಜಿನ ಮೇಲೆ ಯಾವ ದೂರೂ ಇಲ್ಲ. ಇಷ್ಟು ಇತ್ತು. ನಾನು ಓದ್ಲಿಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ, ಅರ್ಧ ಓದಿದೆ. ಫೀಸಿನ ಸಾಲು ನೋಡಿ ಕೇಳಿದೆ ಕೂಡ, ಇದೆಂತ ಮೇಡಂ ಅಂತ. "ಅದು ಸುಮ್ಮನೆ ಫಾರ್ಮಾಲಿಟಿ, ಫೀಸಿಗೆ ಬೇರೆ ಅರ್ಜಿ ಕೊಡಿ, ನೋಡುವ" ಅಂದ್ರು. ತಂಗಿ ಸೈನ್ ಹಾಕಿದ್ಲು, ಸಾಕ್ಷಿ ಅಂತ ನಾನೂ ಹಾಕಿದೆ.

ಸೈನ್ ಹಾಕಿ ಹತ್ತು ನಿಮಿಷ ಆಗ್ಲಿಲ್ಲ, ಅದೇ ರೂಮಿನ ಕಬ್ಬಿಣದ ಕಪಾಟು ತೆರೆದು ತಂಗಿಯ ಕವರ್ ತೆಗೆದು ಕೈಗೆ ಕೊಟ್ರು. ಅದೇ ರೂಮು! ನಾವು ನಾಲ್ಕು ಗಂಟೆ ಕೂತದ್ದು ಆ ಕಪಾಟಿನ ಎದುರಲ್ಲೇ. ಯೂನಿವರ್ಸಿಟಿಗೆ ಹೋಗಿರ್ಲೇ ಇಲ್ಲ. ಆ ಕಪಾಟಿನ ಬಾಗಿಲಿನ ಶಬ್ದ ಈಗಲೂ ನನ್ನ ಕಿವಿಯಲ್ಲಿ ಉಂಟು. ಆದ್ರೂ ಒಂದು ಮಾತು ಬರ್ಲಿಲ್ಲ ಬಾಯಿಂದ, ಕವರ್ ಹಿಡ್ಕೊಂಡು ಓಡಿದೆವು, ಗುರುವಾರ ಜಾಯಿನ್ ಆಯ್ತು, ಸೀಟು ಉಳಿಯಿತು. ಅದೊಂದು ದೇವರ ದಯೆ.

ಮತ್ತೆ ಫೀಸು. ಒಂದು ವಾರ ಬಿಟ್ಟು ಫೋನ್ ಮಾಡಿದೆ. "ನಿಮ್ಮ ಸೀಟಿಗೆ ಬೇರೆ ಯಾರಾದ್ರೂ ಬಂದ್ರೆ ನೋಡುವ." ಮತ್ತೊಂದು ಸಲ ಮಾಡಿದೆ. "ಪ್ರಾಸ್ಪೆಕ್ಟಸಲ್ಲಿ ಬರ್ದಿದೆ, ಒಮ್ಮೆ ಕಟ್ಟಿದ ಫೀಸ್ ವಾಪಸ್ ಇಲ್ಲ." ಮೂರನೇ ಸಲ, "ನೀವೇ ಸೈನ್ ಹಾಕಿ ಕೊಟ್ಟಿದ್ದೀರಲ್ಲ, ಈಗ ಯಾಕೆ ಗಲಾಟೆ?" ಅಂತ ಇಟ್ಟೇ ಬಿಟ್ರು. ಅಪ್ಪನಿಗೆ ಹೇಳ್ಲಿಕ್ಕೆ ಮುಖ ಇರ್ಲಿಲ್ಲ ನನಗೆ. ಅಡಿಕೆ ಮಾರಿದ ದುಡ್ಡು ಅದು.

ಆಮೇಲೆ ನಮ್ಮ ಊರಿನ ಒಬ್ರು ಮಾಷ್ಟ್ರು ಎಲ್ಲ ಕೇಳಿ ತಲೆಗೆ ಕೈ ಇಟ್ರು. ಅವರು ಹೇಳಿದ ಮೇಲೆ ಯುಜಿಸಿಯ ನಿಯಮ ತೆಗೆದು ಓದಿದೆ. 2018ರ ಅಕ್ಟೋಬರಲ್ಲಿ ಹೊರಡಿಸಿದ್ದು, ಯೂನಿವರ್ಸಿಟಿಗೆ ಮಾತ್ರ ಅಲ್ಲ, ಅದರ ಕೆಳಗಿನ ಕಾಲೇಜುಗಳಿಗೂ ಅನ್ವಯ. ಅದ್ರಲ್ಲಿ ಸ್ಪಷ್ಟ ಉಂಟು, ಅಡ್ಮಿಷನ್ ಟೈಮಲ್ಲಿ ಒರಿಜಿನಲ್ ನೋಡಿ ಅಲ್ಲೇ ವಾಪಸ್ ಕೊಡ್ಬೇಕು, ಫೈಲಿಗೆ ನಾವೇ ಸೈನ್ ಹಾಕಿದ ಜೆರಾಕ್ಸ್ ಮಾತ್ರ. ಇಟ್ಟುಕೊಳ್ಲಿಕ್ಕೇ ಇಲ್ಲ! ಅಂದ್ರೆ ಆ ಕಪಾಟಲ್ಲಿ ನಮ್ಮ ಕವರ್ ಇದ್ದದ್ದೇ ತಪ್ಪು.

ಫೀಸಿನ ಲೆಕ್ಕವೂ ಅದ್ರಲ್ಲೇ ಉಂಟು. ಅಡ್ಮಿಷನಿನ ಕೊನೆ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕಿಂತ ಮೊದಲೇ ಬಿಟ್ರೆ ಪೂರ್ತಿ ವಾಪಸ್, ಪ್ರೊಸೆಸಿಂಗ್ ಅಂತ ಸ್ವಲ್ಪ ಹಿಡೀಬಹುದು. ಆಮೇಲೆ 90 ಪರ್ಸೆಂಟ್, ಕೊನೆ ದಿನ ದಾಟಿದ ಮೇಲೆ ಹದಿನೈದು ದಿನದ ಒಳಗೆ 80, ತಿಂಗಳ ಒಳಗೆ 50, ಅದರ ನಂತರ ಏನೂ ಇಲ್ಲ. ಇದು ಯಾವಾಗಲೂ ಇರುವ ಲೆಕ್ಕ. 2024ಕ್ಕೆ ಯುಜಿಸಿ ಬೇರೆ ಪತ್ರ ಕೂಡ ಹೊರಡಿಸಿತ್ತು, ಸೆಪ್ಟೆಂಬರ್ 30ರ ಒಳಗೆ ಬಿಟ್ರೆ ಪೂರ್ತಿ ಫೀಸ್, ಅಕ್ಟೋಬರ್ 31ರ ಒಳಗೆ ಬಿಟ್ರೆ ಹೆಚ್ಚಂದ್ರೆ 1,000 ಹಿಡೀಬಹುದು. ನಾವು ಬಿಟ್ಟದ್ದು ಜುಲೈಯಲ್ಲಿ. ಸೀಟಿಗೆ ಬೇರೆಯವರು ಬರ್ಬೇಕು ಅಂತ ಅದ್ರಲ್ಲಿ ಎಲ್ಲಿಯೂ ಇಲ್ಲ.

ಆದ್ರೆ ಒಂದು ಮುಖ್ಯ ವಿಷಯ, ಇದನ್ನು ಎರಡು ಸಲ ಓದಿ. ದುಡ್ಡು ವಾಪಸ್ ಕೊಡ್ಲಿಕ್ಕೆ ಅವರಿಗೆ ಇರುವ ಹದಿನೈದು ದಿನ ಲೆಕ್ಕ ಆಗುದು ನಾವು ಬರೆದ ಅರ್ಜಿ ಅವರಿಗೆ ಸಿಕ್ಕಿದ ದಿನದಿಂದ. ಬಾಯಲ್ಲಿ ಹೇಳಿದ್ದು, ಫೋನ್ ಮಾಡಿದ್ದು, ಅಲ್ಲಿ ಹೋಗಿ ಕೂತದ್ದು ಯಾವುದೂ ಲೆಕ್ಕಕ್ಕೆ ಇಲ್ಲ. "ಲೆಟರ್ ಎಲ್ಲ ಬೇಡ" ಅಂತ ಅವರು ಹೇಳಿದ್ದು ಯಾಕೆ ಅಂತ ನನಗೆ ಅರ್ಥ ಆದದ್ದು ಆಗ. ನಾಳೆ ಬನ್ನಿ ನಾಡಿದ್ದು ಬನ್ನಿ ಅಂತ ಎಳೆದಷ್ಟೂ ನಾವು 100ರಿಂದ 90ಕ್ಕೆ, 90ರಿಂದ 80ಕ್ಕೆ ಇಳಿಯುದು.

ಜುಲೈ ಮುಗಿಯುವ ಮೊದಲೇ ಇಮೇಲ್ ಹಾಕಿದೆ, ಅದೇ ಲೆಟರನ್ನು ರಿಜಿಸ್ಟರ್ಡ್ ಪೋಸ್ಟಲ್ಲೂ ಕಳ್ಸಿದೆ. ಅಡ್ಮಿಷನ್ ನಂಬರ್, ಕಟ್ಟಿದ ದಿನ, ಮೊತ್ತ, ಬ್ಯಾಂಕ್ ಅಕೌಂಟ್, ಕಾಸರಗೋಡಲ್ಲಿ ಜಾಯಿನ್ ಆದ ಕಾಪಿ ಇಷ್ಟೇ ಹಾಕಿದ್ದು. ಮತ್ತೆ ಆ ಫಾರ್ಮಿಗೆ ಯಾವ ಸ್ಥಿತಿಯಲ್ಲಿ ಸೈನ್ ಹಾಕಿಸಿದ್ರು ಅಂತ ಒಂದು ಪ್ಯಾರಾ. ಹದಿನೈದು ದಿನ ಕಾದೆ, ಉತ್ತರ ಇಲ್ಲ. ಆಗಸ್ಟಲ್ಲಿ ಯುಜಿಸಿಯ ಇ-ಸಮಾಧಾನ್ ಪೋರ್ಟಲಲ್ಲಿ ದೂರು ಹಾಕಿದೆ, ಕಾಲೇಜಿಗೆ ಹಾಕಿದ ಇಮೇಲ್ ಜೊತೆಗೆ ಲಗತ್ತಿಸಿ. ಸೆಪ್ಟೆಂಬರಲ್ಲಿ ಅದೇ ಮೇಡಂ ಫೋನ್! "ಕಂಪ್ಲೇಂಟ್ ಯಾಕೆ ಕೊಡ್ಲಿಕ್ಕೆ ಹೋದ್ರಿ, ನಮ್ಮ ಹತ್ರ ಹೇಳಿದ್ರೆ ಆಗ್ತಿತ್ತಲ್ವಾ" ಅಂತ. ಎಷ್ಟು ಸಲ ಹೇಳಿದ್ದೇನೆ ನಾನು! ಮೂರು ಫೋನ್, ಎರಡು ಸಲ ಹೋದದ್ದು, ಇಮೇಲ್, ಪೋಸ್ಟ್.

ಅಕೌಂಟಿಗೆ 29,000 ಬಂತು. ಜುಲೈಯಲ್ಲೇ ಬಿಟ್ಟವರಿಂದ 1,000 ಹಿಡಿದದ್ದೂ ತಪ್ಪು, ಆದ್ರೂ ಅದು ಹೋಗ್ಲಿ. ಬಾಕಿ 18,000 ಕೇಳಿದ್ರೆ, "ಅದು ಕಾಲೇಜಿಗೆ ಬಂದದ್ದಲ್ಲ." ಆಗ ಆ ಎರಡನೇ ರಶೀದಿ ತೆಗೆದು ಬಿಚ್ಚಿ ನೋಡಿದೆ. ಮೇಲೆ ಕಾಲೇಜಿನ ಹೆಸರೇ ಇಲ್ಲ, ಅದನ್ನು ನಡೆಸುವ ಟ್ರಸ್ಟಿನ ಹೆಸರು, ಎದುರಲ್ಲಿ "ಸ್ವಇಚ್ಛೆಯ ದೇಣಿಗೆ" ಅಂತ ಇಂಗ್ಲಿಷಲ್ಲಿ. ತಂಗಿಯ ಹೆಸರೂ ಇಲ್ಲ, ಅಪ್ಪನ ಹೆಸರು. ಅಪ್ಪ ಯಾವತ್ತು ದೇಣಿಗೆ ಕೊಟ್ರು? ಸೀಟಿಗೆ ಕಟ್ಟಿ ಅಂದ್ರು, ಕಟ್ಟಿದ್ರು.

ಹಾಗಾಗಿ ಹೇಳುದು, ದುಡ್ಡು ಕಟ್ಟುವ ದಿನವೇ ಕೌಂಟರ್ ಬಿಡುವ ಮೊದಲು ರಶೀದಿ ಓದಿ. ಕಾಲೇಜಿನ ಹೆಸರು, ಮಗುವಿನ ಹೆಸರು, ಫೀಸ್ ಅಂತ ಶಬ್ದ, ಮೂರರಲ್ಲಿ ಒಂದು ಇಲ್ಲದಿದ್ರೂ ಅಲ್ಲೇ ಕೇಳಿ. ಒರಿಜಿನಲ್ ತೋರ್ಸಿ ವಾಪಸ್ ತನ್ನಿ, ಎಲಿಜಿಬಿಲಿಟಿಗೆ ಬೇಕೇ ಬೇಕು ಅಂದ್ರೆ ಯಾವುದೆಲ್ಲ ಕೊಟ್ಟದ್ದು ಅಂತ ಸೀಲ್ ಹಾಕಿದ ಚೀಟಿ ತೆಗೊಳ್ಳಿ. ಬಿಡುವಾಗ ಮೊದಲ ದಿನವೇ ಲೆಟರಿನ ಎರಡು ಕಾಪಿ ಮಾಡಿ, ಒಂದ್ರಲ್ಲಿ ಇನ್‌ವರ್ಡ್ ಸೀಲ್ ಹಾಕಿಸಿ, ಹಾಕುದಿಲ್ಲ ಅಂದ್ರೆ ಅಲ್ಲೇ ನಿಂತು ಇಮೇಲ್ ಮಾಡಿ. ಆ ವರ್ಷಕ್ಕೆ ಯುಜಿಸಿ ಯಾವ ದಿನಾಂಕ ಕೊಟ್ಟಿದೆ ಅಂತ ನೋಡಿಕೊಂಡು ಹೋಗಿ, ವರ್ಷ ವರ್ಷ ಬದಲಾಗ್ತದೆ. ಮತ್ತೆ ಅವರ ಫಾರ್ಮಿಗೆ ಸೈನ್ ಹಾಕ್ಲೇಬೇಕಾಗಿ ಬಂದ್ರೆ ಫೀಸಿನ ಸಾಲನ್ನು ಹೊಡೆದು ಹಾಕಿ ಸೈನ್ ಮಾಡಿ, ಫೋಟೋ ತೆಗೀರಿ. ನನಗೆ ಆಗ ಅಷ್ಟು ಹೊಳೀಲಿಲ್ಲ.

18,000ಕ್ಕೆ ಟ್ರಸ್ಟಿನ ರಶೀದಿ, ಅಡ್ಮಿಷನ್ ಆದ ದಿನದ್ದೇ ತಾರೀಕು ಅಂತ ತೋರ್ಸಿ ಎರಡನೇ ದೂರು ಹಾಕಿದ್ದೇನೆ. ಇನ್ನೂ ಬಂದಿಲ್ಲ. ಹೀಗೆ ಟ್ರಸ್ಟಿನ ಹೆಸರಲ್ಲಿ ರಶೀದಿ ಕೊಟ್ಟ ದುಡ್ಡು ಯಾರಿಗಾದ್ರೂ ವಾಪಸ್ ಸಿಕ್ಕಿದ್ದುಂಟಾ? ಸಿಕ್ಕಿದ್ರೆ ಯಾರಿಗೆ ಬರೆದದ್ದು, ಹೇಗೆ ಬರೆದದ್ದು ಅಂತ ದಯವಿಟ್ಟು ಹೇಳಿ.