ಡ್ಯಾಶ್‌ಬೋರ್ಡ್ ತೋರಿಸಿದ್ದು 5,48,300, ಬ್ಯಾಂಕಿನಲ್ಲಿ ಇದ್ದದ್ದು 3,94,828

ಸಣ್ಣ ಟ್ರಸ್ಟ್, ಸಂಘ ನಡೆಸುವವರು ಯಾರಾದರೂ ಆನ್‌ಲೈನ್ ದೇಣಿಗೆಗೆ ಡ್ಯಾಶ್‌ಬೋರ್ಡ್ ಮಾಡಿಸುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಆದದ್ದು ನಿಮಗೆ ಆಗಬಾರದು.

ನಾನು ಮುಂಬೈನ ಭಾಂಡುಪ್‌ನಲ್ಲಿರುವ ಒಂದು ಚಿಕ್ಕ ಕನ್ನಡ ಟ್ರಸ್ಟಿನ ಖಜಾಂಚಿ. ಹೋಟೆಲ್ ಕೆಲಸದವರ, ಮನೆಗೆಲಸಕ್ಕೆ ಹೋಗುವವರ ಮಕ್ಕಳಿಗೆ ಶಾಲೆಯ ಫೀಸಿಗೆ ಸಹಾಯ ಮಾಡುತ್ತೇವೆ. 2025ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಮೊದಲ ಸಲ ಪೇಮೆಂಟ್ ಗೇಟ್‌ವೇ, ಅಂದರೆ ಆನ್‌ಲೈನ್‌ನಲ್ಲಿ ಹಣ ಪಡೆದು ನಮ್ಮ ಬ್ಯಾಂಕ್ ಖಾತೆಗೆ ಹಾಕುವ ಸೇವೆಯ ಮೂಲಕ ದೇಣಿಗೆ ತೆಗೆದುಕೊಂಡೆವು. ಎಷ್ಟು ಬಂತು, ಯಾರು ಕೊಟ್ಟರು ಎಂದು ಎಲ್ಲರಿಗೂ ಕಾಣಲಿ ಅಂತ ಒಬ್ಬ ಹುಡುಗನಿಗೆ 12,000 ರೂಪಾಯಿ ಕೊಟ್ಟು ಗೂಗಲ್ ಶೀಟ್‌ನಲ್ಲಿ ಡ್ಯಾಶ್‌ಬೋರ್ಡ್ ಮಾಡಿಸಿದೆವು. ನೋಡಲು ತುಂಬಾ ಚೆನ್ನಾಗಿತ್ತು. ಮೇಲೆ ದೊಡ್ಡ ಅಕ್ಷರದಲ್ಲಿ ಒಟ್ಟು ಮೊತ್ತ, ಕೆಳಗೆ ವಾರವಾರದ ಗ್ರಾಫ್, ಪಕ್ಕದಲ್ಲಿ ಜಾಸ್ತಿ ಕೊಟ್ಟವರ ಹೆಸರು. ಗೇಟ್‌ವೇಯಿಂದ ಫೈಲ್ ಡೌನ್‌ಲೋಡ್ ಮಾಡಿ ಶೀಟ್‌ನ ಕೆಳಗೆ ಪೇಸ್ಟ್ ಮಾಡಿದರೆ ಸಾಕು, ಉಳಿದದ್ದು ತಾನೇ ಆಗುತ್ತದೆ ಎಂದಿದ್ದ.

ಏಪ್ರಿಲ್ ಕೊನೆಗೆ ಅದು 5,48,300 ತೋರಿಸಿತು. ಅದನ್ನೇ ನಂಬಿ 60 ಮಕ್ಕಳಿಗೆ ತಲಾ 8,000, ಅಂದರೆ 4,80,000 ಕೊಡುತ್ತೇವೆ ಎಂದು ಅಪ್ಪ ಅಮ್ಮಂದಿರ ಕೈಗೆ ಪತ್ರ ಕೊಟ್ಟೆವು.

ಮೇ ತಿಂಗಳ ಸಭೆಯಲ್ಲಿ ಎಲ್ಲವೂ ಹೊರಬಿತ್ತು. ಹೆಚ್ಚು ಕೊಟ್ಟವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಿದ್ದೆವು. ನಮ್ಮ ಏರಿಯಾದ ಒಬ್ಬ ಹಿರಿಯ ಹೋಟೆಲ್ ಮಾಲೀಕರ ಹೆಸರಿನ ಮುಂದೆ 20,000 ಅಂತ ಇತ್ತು, ಮೈಕಿನಲ್ಲಿ ಅದನ್ನೇ ಓದಿದೆವು. ಅವರು ವೇದಿಕೆಯಿಂದ ಇಳಿದು ನೇರ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ತಮ್ಮಾ, ನಾನು ಕೊಟ್ಟದ್ದು ಐದೇ ಸಾವಿರ. ಇಪ್ಪತ್ತು ಅಂತ ಯಾಕೆ ಹೇಳಿದಿರಿ? ನಾಳೆ ಜನ ನನ್ನನ್ನೇ ಕೇಳ್ತಾರೆ, ಅಲ್ವಾ?"

ಅವತ್ತು ರಾತ್ರಿ ಗೇಟ್‌ವೇಗೆ ಲಾಗಿನ್ ಆಗಿ ಅವರ ಸಾಲುಗಳನ್ನು ಹುಡುಕಿದೆ. ಯುಪಿಐನಲ್ಲಿ ಹತ್ತು ನಿಮಿಷದೊಳಗೆ ನಾಲ್ಕು ಸಲ 5,000 ಪ್ರಯತ್ನಿಸಿದ್ದರು. ಮೂರು ಸಲ ಫೇಲ್ ಆಗಿತ್ತು, ನಾಲ್ಕನೆಯದು ಹೋಗಿತ್ತು. ನಾಲ್ಕು ಸಾಲಿಗೂ `order_id` ಒಂದೇ, ಆದರೆ `status` ಕಾಲಮ್‌ನಲ್ಲಿ ಮೂರರ ಮುಂದೆ `failed`, ಒಂದರ ಮುಂದೆ `captured`, ಅಂದರೆ ಹಣ ನಿಜವಾಗಿ ಬಂದದ್ದು. ಗೇಟ್‌ವೇಯ ಫೈಲ್ ಎಂದರೆ ಬಂದ ಹಣದ ಪಟ್ಟಿ ಅಲ್ಲ, ಜನ ಮಾಡಿದ ಎಲ್ಲ ಪ್ರಯತ್ನಗಳ ಪಟ್ಟಿ. ನನಗೆ ಇದು ಗೊತ್ತಿರಲಿಲ್ಲ. ಮಾಡಿಕೊಟ್ಟ ಹುಡುಗನಿಗೆ ಗೊತ್ತಿರಬೇಕಿತ್ತು. ಆದರೆ ಅವನು `status` ಕಾಲಮ್ಮನ್ನೇ ಮರೆಮಾಡಿ ಇಟ್ಟಿದ್ದ, ಶೀಟ್ ಗಜಿಬಿಜಿ ಕಾಣುತ್ತದೆ ಅಂತ. ಮೊತ್ತ E ಕಾಲಮ್‌ನಲ್ಲಿತ್ತು, ಒಟ್ಟು ಮೊತ್ತದ ಸೂತ್ರ ಇಷ್ಟೇ ಇತ್ತು:

```
=SUM(E2:E)
```

ಮರುದಿನ ಕೆಲಸಕ್ಕೆ ರಜೆ ಹಾಕಿ ಕುಳಿತೆ. ಫೇಲ್ ಆದ ಸಾಲುಗಳನ್ನೆಲ್ಲ ಕೂಡಿದರೆ 73,500 ಬಂತು. ಅದು ಯಾವತ್ತೂ ನಮಗೆ ಬರದೇ ಇದ್ದ ಹಣ.

ಎರಡನೆಯ ತಪ್ಪು ಪೇಸ್ಟ್ ಮಾಡುವುದರಲ್ಲೇ ಇತ್ತು. ಮಾರ್ಚ್ 31ರ ರಾತ್ರಿ ಇಡೀ ತಿಂಗಳ ಫೈಲ್ ಹಾಕಿದ್ದೆ. ಏಪ್ರಿಲ್ 5ಕ್ಕೆ 'ಕಳೆದ 7 ದಿನ' ಎಂಬ ಆಯ್ಕೆ ಒತ್ತಿ ಮತ್ತೆ ಡೌನ್‌ಲೋಡ್ ಮಾಡಿ ಅದರ ಕೆಳಗೆ ಹಾಕಿದೆ. ಮಾರ್ಚ್ 30 ಮತ್ತು 31 ಎರಡು ಫೈಲಿನಲ್ಲೂ ಇತ್ತು. ಆ ಎರಡು ದಿನಗಳಲ್ಲೇ ತೆರಿಗೆ ಉಳಿಸುವವರು ಜಾಸ್ತಿ ಕೊಡುವುದು, ಹಾಗಾಗಿ 43,800 ರೂಪಾಯಿ ಎರಡು ಸಲ ಲೆಕ್ಕಕ್ಕೆ ಬಂದಿತ್ತು. ಪ್ರತಿ ಪೇಮೆಂಟಿಗೂ ಗೇಟ್‌ವೇ ಒಂದು `id` ಕೊಡುತ್ತದೆ, ಅದು ಎರಡು ಸಲ ಬಂದಿದೆಯಾ ಎಂದು ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಮೂರನೆಯದು ರೀಫಂಡ್. ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದೇ, ಮತ್ತು ನೀವೂ ಎಡವುವುದು ಇಲ್ಲೇ.

ನಾವು ಎರಡು ರೀಫಂಡ್ ಮಾಡಿದ್ದೆವು. ಒಬ್ಬ ಅಕ್ಕ ಮಾರ್ಚ್ 28ಕ್ಕೆ 2,500 ಹಾಕಲು ಹೋಗಿ ಒಂದು ಸೊನ್ನೆ ಜಾಸ್ತಿ ಒತ್ತಿ 25,000 ಕಳಿಸಿದ್ದರು. ಏಪ್ರಿಲ್ 9ಕ್ಕೆ ಅವರಿಗೆ 22,500 ವಾಪಸ್ ಮಾಡಿದೆವು. ಇನ್ನೊಬ್ಬರು ಬೇರೆ ಸಂಘಕ್ಕೆ ಹೋಗಬೇಕಾದ 3,500 ನಮಗೆ ಹಾಕಿದ್ದರು, ಅದನ್ನು ಪೂರ್ತಿ ವಾಪಸ್ ಕೊಟ್ಟೆವು. ಒಟ್ಟು 26,000. ಇವೆರಡೂ ಡ್ಯಾಶ್‌ಬೋರ್ಡಿಗೆ ಬಂದೇ ಇರಲಿಲ್ಲ, ಯಾಕೆಂದರೆ ರೀಫಂಡ್‌ಗಳು ಗೇಟ್‌ವೇಯಲ್ಲಿ ಬೇರೆಯೇ ಫೈಲ್. ಅದನ್ನು ನಾವು ಡೌನ್‌ಲೋಡ್ ಮಾಡುತ್ತಲೇ ಇರಲಿಲ್ಲ.

ಡಬಲ್ ಆಗಿದ್ದ ಸಾಲುಗಳನ್ನು ತೆಗೆದೆ. ರೀಫಂಡ್ ಫೈಲನ್ನು `refunds` ಎಂಬ ಬೇರೆ ಹಾಳೆಗೆ ಹಾಕಿದೆ, ಅದರ C ಕಾಲಮ್ ವಾಪಸ್ ಮಾಡಿದ ಮೊತ್ತ. ಪೇಮೆಂಟ್ ಹಾಳೆಯ F ಕಾಲಮ್ `status`. ಸೂತ್ರ ಹೀಗೆ ಬದಲಿಸಿದೆ:

```
=SUMIFS(E:E,F:F,"captured")-SUM(refunds!C:C)
```

ಇದು ಸರಿ ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸಿತು. ಉತ್ತರ 4,01,500 ಬಂತು. ಆದರೆ ಈ ಸಲ ಸುಮ್ನೆ ನಂಬಲಿಲ್ಲ, ಗೇಟ್‌ವೇಯ ಸೆಟಲ್‌ಮೆಂಟ್ ವರದಿ ತೆಗೆದೆ. ನಮ್ಮ ಬ್ಯಾಂಕ್ ಖಾತೆಗೆ ಯಾವ ದಿನ ಎಷ್ಟು ಹಾಕಿದರು, ಎಷ್ಟು ಶುಲ್ಕ ಹಿಡಿದರು ಎಂದು ಅದರಲ್ಲಿ ಇರುತ್ತದೆ. ಬ್ಯಾಂಕಿಗೆ ಬಂದದ್ದು 3,94,828 ರೂಪಾಯಿ 40 ಪೈಸೆ. ನಮ್ಮ ಪ್ಲಾನ್ ಪ್ರಕಾರ ಶುಲ್ಕ ಶೇಕಡಾ 2, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 10,171 ರೂಪಾಯಿ 60 ಪೈಸೆ. ಎರಡನ್ನೂ ಕೂಡಿದರೆ ಸರಿಯಾಗಿ 4,05,000. ನನ್ನ ಶೀಟ್ ಹೇಳುವುದು 4,01,500. ವ್ಯತ್ಯಾಸ 3,500.

ಆ 3,500 ಎಲ್ಲೋ ನೋಡಿದ ಹಾಗಿದೆಯಲ್ಲ ಅಂತ ಯೋಚಿಸಿದಾಗ ಹೊಳೆಯಿತು, ಪೂರ್ತಿ ವಾಪಸ್ ಮಾಡಿದ ಮೊತ್ತ ಅದೇ. ಒಂದು ಪೇಮೆಂಟನ್ನು ಪೂರ್ತಿ ರೀಫಂಡ್ ಮಾಡಿದರೆ ಪೇಮೆಂಟ್ ಫೈಲಿನಲ್ಲಿ ಅದರ `status` `captured`ನಿಂದ `refunded`ಗೆ ಬದಲಾಗುತ್ತದೆ. ಹಾಗಾಗಿ ನನ್ನ ಸೂತ್ರ ಅದನ್ನು ಕೂಡಲೇ ಇಲ್ಲ, ಆಮೇಲೆ ರೀಫಂಡ್ ಹಾಳೆಯಿಂದ ಇನ್ನೊಮ್ಮೆ ಕಳೆಯಿತು. ಆದರೆ ಸ್ವಲ್ಪ ಭಾಗ ಮಾತ್ರ ವಾಪಸ್ ಮಾಡಿದರೆ, ಆ ಅಕ್ಕನ 25,000ದ ಹಾಗೆ, `status` `captured` ಆಗಿಯೇ ಉಳಿಯುತ್ತದೆ, ಮೊತ್ತವೂ ಹಳೆಯದೇ ಇರುತ್ತದೆ. ನಮ್ಮ ಗೇಟ್‌ವೇಯಲ್ಲಿ ಹೀಗೆ. ನಿಮ್ಮದರಲ್ಲಿ ಹೆಸರು ಬೇರೆ ಇರಬಹುದು, ಆದರೆ ಪೂರ್ತಿ ರೀಫಂಡಿಗೆ ಏನಾಗುತ್ತದೆ, ಅರ್ಧ ರೀಫಂಡಿಗೆ ಏನಾಗುತ್ತದೆ ಎಂದು ಎರಡನ್ನೂ ಬೇರೆ ಬೇರೆಯಾಗಿ ನೋಡಲೇಬೇಕು.

ಕೊನೆಗೆ ಸರಿಬಂದ ಸೂತ್ರ ಇದು, ಇದರಲ್ಲಿ ರೀಫಂಡ್ ಹಾಳೆಯ D ಕಾಲಮ್ ರೀಫಂಡಿನ ಸ್ಥಿತಿ, `processed` ಎಂದರೆ ಹಣ ವಾಪಸ್ ಹೋಗಿದೆ:

```
=SUMIFS(E:E,F:F,"captured")+SUMIFS(E:E,F:F,"refunded")
 -SUMIFS(refunds!C:C,refunds!D:D,"processed")
```

ಅಂದರೆ, ಒಂದು ಹೊತ್ತಿಗಾದರೂ ನಿಜವಾಗಿ ನಮಗೆ ಬಂದ ಹಣವನ್ನೆಲ್ಲ ಮೊದಲು ಕೂಡುವುದು, ಆಮೇಲೆ ವಾಪಸ್ ಹೋದದ್ದನ್ನು ರೀಫಂಡ್ ಹಾಳೆಯಿಂದ ಒಂದೇ ಒಂದು ಸಲ ಕಳೆಯುವುದು. `failed` ಬಿಟ್ಟು ಉಳಿದದ್ದನ್ನೆಲ್ಲ ಕೂಡಿ ಎಂದು ಬರೆಯಬೇಡಿ. ಹಣ ಬ್ಲಾಕ್ ಆಗಿ ಇನ್ನೂ ನಮಗೆ ಸೇರದ `authorized` ಸಾಲುಗಳೂ ಇರುತ್ತವೆ, ಅವು ಒಳಗೆ ನುಗ್ಗಿಬಿಡುತ್ತವೆ. ಯಾವುದು ಬೇಕು ಎಂದು ಹೆಸರಿಟ್ಟೇ ಹೇಳಿ.

ಪೇಸ್ಟ್ ಮಾಡುವ ಪದ್ಧತಿಯನ್ನೂ ಬದಲಿಸಿದೆ. ಈಗ ಕೆಳಗೆ ಸೇರಿಸುವುದೇ ಇಲ್ಲ. ದೇಣಿಗೆ ಶುರುವಾದ ದಿನದಿಂದ ಇವತ್ತಿನವರೆಗಿನ ಪೂರ್ತಿ ಫೈಲ್ ತೆಗೆದು, ಹಳೆಯ ಹಾಳೆ ಖಾಲಿ ಮಾಡಿ, ಹೊಸದನ್ನು ಹಾಕುತ್ತೇನೆ. ನಮ್ಮಂಥವರಿಗೆ ವರ್ಷಕ್ಕೆ ಸಾವಿರ ಸಾಲು ಆದರೆ ಹೆಚ್ಚು, ಅದಕ್ಕೆ ಏನೂ ಭಾರ ಇಲ್ಲ. ಡಬಲ್ ಆಗುವುದು ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಳೆಯ ಸಾಲಿನ `status` ಆಮೇಲೆ ಬದಲಾಗಿದ್ದರೆ ಅದೂ ಬರುತ್ತದೆ. ಮಾರ್ಚಿನ ಪೇಮೆಂಟ್ ಏಪ್ರಿಲ್‌ನಲ್ಲಿ ರೀಫಂಡ್ ಆಗಬಹುದು. ಬ್ಯಾಂಕಿನಿಂದ ಉತ್ತರ ತಡವಾಗಿ ಬಂದು, ಮೊದಲು ಫೇಲ್ ಎಂದಿದ್ದ ಪೇಮೆಂಟ್ ಆಮೇಲೆ `captured` ಆದದ್ದನ್ನೂ ನೋಡಿದ್ದೇನೆ. ಸೇರಿಸುತ್ತಾ ಹೋಗುವ ಶೀಟಿಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ.

ಇನ್ನೊಂದು ಅಪಾಯ ಸ್ವಲ್ಪದರಲ್ಲಿ ತಪ್ಪಿತು. ದಾನಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿ ನೋಂದಣಿ ಇರುವ ಟ್ರಸ್ಟ್‌ಗಳು ಮಾರ್ಚ್‌ಗೆ ಮುಗಿದ ವರ್ಷದ ದಾನಿಗಳ ಪಟ್ಟಿಯನ್ನು ಮೇ 31ರೊಳಗೆ ಫಾರ್ಮ್ 10ಬಿಡಿಯಲ್ಲಿ ಆದಾಯ ತೆರಿಗೆ ಇಲಾಖೆಗೆ ಕೊಡಬೇಕಿತ್ತು. ದಾನಿಗೆ ಸಿಗುವ ಪ್ರಮಾಣಪತ್ರ ಅದರ ಮೇಲೆಯೇ ಹೊರಡುತ್ತದೆ. ಡ್ಯಾಶ್‌ಬೋರ್ಡಿನ ಪಟ್ಟಿಯನ್ನೇ ಆಡಿಟರಿಗೆ ಕಳಿಸಲು ಸಿದ್ಧ ಮಾಡಿ ಇಟ್ಟಿದ್ದೆ. ಅದರಲ್ಲಿ ಹೋಟೆಲ್‌ನವರ ಹೆಸರಿಗೆ 20,000, ಆ ಅಕ್ಕನ ಹೆಸರಿಗೆ 25,000. ಹಾಗೇ ಹೋಗಿದ್ದರೆ ಅವರು ಕೊಡದ ಹಣಕ್ಕೆ ನಾವು ಪ್ರಮಾಣಪತ್ರ ಕೊಟ್ಟ ಹಾಗಾಗುತ್ತಿತ್ತು. ಈಗ ಪ್ರತಿ ದಾನಿಯ ಮೊತ್ತವನ್ನೂ ಇದೇ ರೀತಿ, ರೀಫಂಡ್ ಹಾಳೆಯ `payment_id` ಹಿಡಿದು ಆಯಾ ಪೇಮೆಂಟಿನಿಂದ ಕಳೆದು ತೆಗೆಯುತ್ತೇನೆ.

60 ಮಕ್ಕಳ ವಿಷಯ. ನಮಗೆ 85,172 ರೂಪಾಯಿ ಕಡಿಮೆ ಬಿತ್ತು. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಎಲ್ಲರಿಗೂ 5,000 ಕೊಟ್ಟು, ಉಳಿದ 3,000 ಗಣೇಶ ಚೌತಿ ಕಳೆದ ಮೇಲೆ ಕೊಡುತ್ತೇವೆ ಎಂದು ಒಂದೊಂದು ಮನೆಗೂ ಹೋಗಿ ಹೇಳಿ ಬಂದೆವು. ಒಬ್ಬ ತಾಯಿ ನಮ್ಮ ಪತ್ರ ತೋರಿಸಿ ಆಗಲೇ ಶಾಲೆಯಲ್ಲಿ ಮಾತಾಡಿ ಬಂದಿದ್ದರು. ಅವರ ಮುಖ ನನಗೆ ಇನ್ನೂ ಮರೆತಿಲ್ಲ.

ಈಗ ಯಾರಾದರೂ ನಿಮಗೆ ಡ್ಯಾಶ್‌ಬೋರ್ಡ್ ಮಾಡಿಕೊಟ್ಟರೆ, ದುಡ್ಡು ಕೊಡುವ ಮೊದಲು ಈ ಪರೀಕ್ಷೆ ಮಾಡಿ. ಹಾಳೆಯಲ್ಲಿ 100 ರೂಪಾಯಿಯ ನಾಲ್ಕು ಸಾಲು ಹಾಕಿಸಿ: ಒಂದು ಸರಿಯಾಗಿ ಬಂದದ್ದು, ಒಂದು ಫೇಲ್ ಆದದ್ದು, ಒಂದು ಪೂರ್ತಿ ವಾಪಸ್ ಕೊಟ್ಟದ್ದು, ಒಂದರಲ್ಲಿ 40 ಮಾತ್ರ ವಾಪಸ್ ಕೊಟ್ಟದ್ದು. ವಾಪಸ್ ಕೊಟ್ಟ 100 ಮತ್ತು 40 ರೀಫಂಡ್ ಹಾಳೆಯಲ್ಲೂ ಇರಲಿ. ಉತ್ತರ 160 ಬರಬೇಕು. 400 ಬಂದರೆ ಎಲ್ಲ ಸಾಲನ್ನೂ ಸುಮ್ನೆ ಕೂಡುತ್ತಿದ್ದಾರೆ. 200 ಬಂದರೆ ರೀಫಂಡ್ ಫೈಲ್ ಮುಟ್ಟಿಯೇ ಇಲ್ಲ. 60 ಬಂದರೆ ನಾನು ಮಾಡಿದ ಹಾಗೆ ಪೂರ್ತಿ ರೀಫಂಡನ್ನು ಎರಡು ಸಲ ಕಳೆಯುತ್ತಿದ್ದಾರೆ. ಆಮೇಲೆ ಅದೇ ಫೈಲನ್ನು ಅವರು ಹೇಳಿದ ರೀತಿಯಲ್ಲೇ ಇನ್ನೊಮ್ಮೆ ಹಾಕಿಸಿ. ಆಗಲೂ 160 ಇದ್ದರೆ ಮಾತ್ರ ಸೆಟಲ್‌ಮೆಂಟ್ ವರದಿ ಪಕ್ಕದಲ್ಲಿಟ್ಟುಕೊಂಡು ನಿಜವಾದ ಹಣದ ಲೆಕ್ಕಕ್ಕೆ ಕುಳಿತುಕೊಳ್ಳಿ.